ಜಗಳ ಆಡದ ಸಂಘಕ್ಕೆ ಲಕ್ಷ ರೂಪಾಯಿ ಕೊಡಬೇಡಿ

ಹಾಸನದಲ್ಲಿ ಸ್ವಸಹಾಯ ಸಂಘದ ತರಬೇತಿ ಅಂತ ಯಾವ ಸಭಾಂಗಣಕ್ಕೆ ಹೋದರೂ ಮಧ್ಯಾಹ್ನದ ಊಟಕ್ಕೆ ಮೊದಲು ಒಂದು ಸ್ಲೈಡ್ ಬಂದೇ ಬರುತ್ತೆ. ಒಂದು ಮೆಟ್ಟಿಲಿನ ಚಿತ್ರ, ಅದರ ಮೇಲೆ ನಾಲ್ಕು ಮಾತು: ಫಾರ್ಮಿಂಗ್, ಸ್ಟಾರ್ಮಿಂಗ್, ನಾರ್ಮಿಂಗ್, ಪರ್ಫಾರ್ಮಿಂಗ್. ಕೂಡುವುದು, ಕಿತ್ತಾಡುವುದು, ಕಟ್ಟಳೆ ಮಾಡಿಕೊಳ್ಳುವುದು, ಕೆಲಸ ಮಾಡುವುದು ಅಂತ ನಾನು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ತರಬೇತುದಾರರು ಎರಡನೇ ಮೆಟ್ಟಿಲಿಗೆ ಬಂದಾಗ ದನಿ ತಗ್ಗಿಸಿ ಹೇಳ್ತಾರೆ: "ಈ ಹಂತವನ್ನು ಆದಷ್ಟು ಬೇಗ ದಾಟಿಸಬೇಕು. ಒಳ್ಳೆಯ ನಾಯಕ ಇಲ್ಲಿ ಗುಂಪನ್ನು ಜಗಳ ಆಗದಂತೆ ನೋಡಿಕೊಳ್ಳುತ್ತಾನೆ." ಎಲ್ಲರೂ ಬರೆದುಕೊಳ್ತಾರೆ. ಆಮೇಲೆ ಪಲಾವ್.

ಹನ್ನೆರಡು ವರ್ಷ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಹೆಂಗಸರ ಸಂಘಗಳ ಲೆಕ್ಕದ ಪುಸ್ತಕ ನೋಡಿಕೊಂಡು ತಿರುಗಿದವನು ನಾನು. ಈ ಒಂದು ಮಾತಿನಿಂದ ಆದಷ್ಟು ಹಾಳು ಬಡ್ಡಿಯಿಂದಲೂ ಆಗಿಲ್ಲ ಅಂತ ನನಗನ್ನಿಸುತ್ತೆ. ಸಂಘ ಮುರಿದುಬೀಳೋದು ಜಗಳದಿಂದ ಅಲ್ಲ, ಸರಿಯಾದ ಕಾಲಕ್ಕೆ ಜಗಳ ಆಗದೇ ಇರೋದರಿಂದ. ಇದನ್ನು ಲೆಕ್ಕ ಸಮೇತ ಹೇಳ್ತೀನಿ.

ಮೊದಲು ಆ ಮೆಟ್ಟಿಲಿನ ಕಥೆ. ಅದನ್ನು ಕಟ್ಟಿದವರು ಬ್ರೂಸ್ ಟಕ್‌ಮನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ, 1965ರಲ್ಲಿ. ಅವರು ಯಾವ ಗುಂಪನ್ನೂ ತಾವೇ ಕೂತು ನೋಡಿ ಇದನ್ನು ಬರೆದದ್ದಲ್ಲ. ಅಲ್ಲಿಯವರೆಗೆ ಬೇರೆಯವರು ಬರೆದಿದ್ದ 50 ಪ್ರಬಂಧಗಳನ್ನು ಓದಿ, ಅವುಗಳಲ್ಲಿ ಸಾಮಾನ್ಯವಾಗಿ ಕಾಣೋ ಕ್ರಮ ಇದು ಅಂತ ಹೇಳಿದರು. ಆ ಐವತ್ತರಲ್ಲಿ ಅರ್ಧದಷ್ಟು ಮಾನಸಿಕ ಚಿಕಿತ್ಸೆಗೆ ಅಂತ ಕೂಡಿಸಿದ್ದ ಗುಂಪುಗಳ ಮೇಲಿನವು. ಚಿಕಿತ್ಸೆಯ ಗುಂಪುಗಳ ಪಾಲೇ ಜಾಸ್ತಿಯಾಯ್ತು ಅಂತ ಅವರೇ ಒಪ್ಪಿಕೊಂಡಿದ್ದರು. ಕ್ರಮ ಹೇಳಿದರೇ ಹೊರತು, ಮೂರನೇ ತಿಂಗಳಿಗೆ ಇದು, ಆರನೇ ತಿಂಗಳಿಗೆ ಅದು ಅಂತ ಕ್ಯಾಲೆಂಡರ್ ಹಾಕಿಕೊಡಲಿಲ್ಲ. ಆ ಕ್ಯಾಲೆಂಡರ್ ನಮ್ಮದು. ಮೂರು ತಿಂಗಳು ವಾರ ವಾರ ಸಭೆ ನಡೆದರೆ ಸುತ್ತುನಿಧಿ, ಆರು ತಿಂಗಳಾದರೆ ಗ್ರೇಡಿಂಗ್, ಪಾಸಾದರೆ ಬ್ಯಾಂಕ್ ಸಾಲ. ಸಂಘದ ವಯಸ್ಸನ್ನು ತಿಂಗಳಲ್ಲಿ ಎಣಿಸಿ ಬುದ್ಧಿ ಬಂದಿದೆ ಅಂತ ತೀರ್ಮಾನ ಮಾಡಿಬಿಡ್ತೀವಿ.

ಮೊದಲನೇ ಹಂತ, ಕೂಡುವುದು. ಇಲ್ಲಿ ಎಲ್ಲರೂ ಬಹಳ ಮರ್ಯಾದಸ್ಥರು. ಸಂಘ ಶುರುವಾಗಿ ಮೂರು ವಾರ ಆಗಿರೋ ಹಳ್ಳಿಗೆ ಹೋಗಿ "ವಾರಕ್ಕೆ ಎಷ್ಟು ಉಳಿತಾಯ ಹಾಕೋಣ?" ಅಂತ ಕೇಳಿ ನೋಡಿ. ಹದಿನೈದು ಜನವೂ ನಿಮ್ಮ ಮುಖ ನೋಡ್ತಾರೆ. "ನೀವೇಳ್ದಂಗೆ ಸಾ." ಈ ಹಂತದ ಗುರುತೇ ಇದು. ನಾಯಕ ಇಲ್ಲಿ ಮಾಡಬೇಕಾದ ಕೆಲಸ ಎರಡೇ. ಒಂದು, ಯಾರು ಯಾರ ಜೊತೆ ಕೂರ್ತಾರೆ ಅನ್ನೋದನ್ನು ಅವರಿಗೇ ಬಿಡೋದು. ರೇಷನ್ ಕಾರ್ಡ್ ಪಟ್ಟಿ ನೋಡಿ ಹದಿನೈದು ಹೆಸರು ಬರೆದುಕೊಂಡು ಬಂದರೆ ಅದು ಸಂಘವಲ್ಲ, ಪಟ್ಟಿ. ಎರಡನೆಯದು, ವಾರ, ಹೊತ್ತು, ಜಾಗ, ಮೊತ್ತ ಇಷ್ಟನ್ನು ಸ್ಪಷ್ಟವಾಗಿ ಗೊತ್ತು ಮಾಡಿಸೋದು. ಮೊತ್ತವನ್ನು ಅಲ್ಲಿರೋರಲ್ಲಿ ಅತಿ ಬಡವಳಾದವಳು ಕೆಲಸ ಇಲ್ಲದ ವಾರದಲ್ಲೂ ಕೊಡಬಲ್ಲ ಮೊತ್ತಕ್ಕೆ ಇಳಿಸಬೇಕು. ಕೂಲಿಗೆ ಹೋಗೋಳು ಐವತ್ತು ಅಂದಾಗ ತಲೆಯಾಡಿಸಿಬಿಡ್ತಾಳೆ, ನಾಲ್ಕನೇ ವಾರಕ್ಕೆ ಮೀಟಿಂಗಿಗೇ ಬರಲ್ಲ. ಸದಸ್ಯರ ಸಂಖ್ಯೆ ಹತ್ತರಿಂದ ಇಪ್ಪತ್ತು. ಇಪ್ಪತ್ತರ ಮಿತಿ ಬಂದದ್ದು ಕಂಪನಿ ಕಾಯ್ದೆಯಿಂದ. ಅದಕ್ಕಿಂತ ಜಾಸ್ತಿ ಜನ ಲಾಭದ ವ್ಯವಹಾರಕ್ಕೆ ಸೇರಿದರೆ ನೋಂದಣಿ ಬೇಕು ಅಂತ ಹಳೇ ಕಾನೂನು ಹೇಳ್ತಿತ್ತು. ಆದರೆ ಮಿತಿ ಮಾತ್ರ ಒಳ್ಳೇದೇ ಆಯ್ತು, ಅದಕ್ಕಿಂತ ಹೆಚ್ಚು ಜನ ಜಗಲಿ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂರೋಕೂ ಆಗಲ್ಲ.

ಈಗ ಎರಡನೇ ಹಂತ. ನನ್ನ ತಕರಾರೆಲ್ಲ ಇಲ್ಲೇ.

ಅರಕಲಗೂಡು ತಾಲ್ಲೂಕಿನ ಒಂದು ಸಂಘ. ಹದಿನಾಲ್ಕು ಜನ, ವಾರಕ್ಕೆ ತಲಾ 20 ರೂಪಾಯಿ. ಹನ್ನೆರಡು ವಾರಕ್ಕೆ ಪೆಟ್ಟಿಗೆಯಲ್ಲಿ 3,360 ರೂಪಾಯಿ ಸೇರಿತು. ಅವತ್ತಿನ ಸಭೆಯಲ್ಲಿ ಮೂವರು ಸಾಲ ಕೇಳಿದರು. ಒಬ್ಬಳಿಗೆ ಹೊಗೆಸೊಪ್ಪು ಬೇಯಿಸೋ ಬ್ಯಾರನ್ ರಿಪೇರಿಗೆ 3,000, ಇನ್ನೊಬ್ಬಳಿಗೆ ಮಗನ ಆಸ್ಪತ್ರೆಗೆ 2,000, ಮತ್ತೊಬ್ಬಳಿಗೆ ಆಲೂಗೆಡ್ಡೆ ಬಿತ್ತನೆಗೆ 1,500. ಒಟ್ಟು ಕೇಳಿಕೆ 6,500, ಇದ್ದದ್ದು ಅದರ ಅರ್ಧ. ಮೊದಲನೇ ಪ್ರತಿನಿಧಿ ಜಾಸ್ತಿ ಮಾತಾಡದೆ 3,000 ಎತ್ತಿ ಬ್ಯಾರನ್ನಿಗೆ ಕೊಟ್ಟಳು. ಕೇಳಿದವಳು ಅವಳ ವಾರಗಿತ್ತಿ.

ಮುಂದಿನ ವಾರ ಐದು ಜನ ಬರಲಿಲ್ಲ. ಅದರ ಮುಂದಿನ ವಾರ ಬಂದರು, ಬಂದು ಶುರುಮಾಡಿದರು. "ನಿಮ್ ವಾರಗಿತ್ತಿಗಾದ್ರೆ ಮೂರ್ ಸಾವ್ರ, ನಮ್ಗಾದ್ರೆ ಮುಂದಿನ್ ವಾರ ನೋಡಾನ. ಇದ್ಯಾವ್ ನ್ಯಾಯ ಕಣಕ್ಕಾ?" ಪ್ರತಿನಿಧಿಯೂ ಸುಮ್ಮನಿರೋಳಲ್ಲ. "ಪುಸ್ತಕ ಹೊತ್ಕೊಂಡು ಬ್ಯಾಂಕಿಗೆ ಬಿಸಿಲಲ್ಲಿ ಓಡಾಡಾಳು ನಾನು. ತಗಳ್ರವ್ವ, ನೀವೇ ಇಟ್ಕಳಿ." ಪುಸ್ತಕ ನೆಲಕ್ಕೆ ಬಿತ್ತು.

ಆ ಸಂಘದ ಪ್ರೇರಕಿಗೆ ಇಪ್ಪತ್ತಾರು ವಯಸ್ಸು. ತರಬೇತಿಯಲ್ಲಿ ಕಲಿತಂತೆ ಅವಳು "ಹೋಗ್ಲಿ ಬಿಡ್ರಕ್ಕ, ಎಲ್ಲ ಒಂದೇ ಊರೋರು" ಅಂತ ಸಮಾಧಾನ ಮಾಡಬೇಕಿತ್ತು. ಮಾಡಲಿಲ್ಲ. ಪುಸ್ತಕ ಎತ್ತಿಕೊಂಡು, ಹನ್ನೆರಡು ವಾರದ ನಡಾವಳಿಯನ್ನು ಮೊದಲಿಂದ ಗಟ್ಟಿಯಾಗಿ ಓದಿದಳು. ಯಾರು ಎಷ್ಟು ಕಟ್ಟಿದ್ದಾರೆ, ಯಾವತ್ತು ಯಾರು ಸಾಲ ಕೇಳಿದ್ದು, ಯಾಕೆ ಕೇಳಿದ್ದು, ಯಾರು ಒಪ್ಪಿದ್ದು. ಕೊನೆಯದಕ್ಕೆ ಪುಸ್ತಕದಲ್ಲಿ ಏನೂ ಬರೆದಿರಲಿಲ್ಲ. "ಯಾರು ಒಪ್ಪಿದ್ದು ಅಂತ ಇಲ್ಲಿ ಇಲ್ಲ, ಏನಂತ ಬರೀಲಿ?" ಅಂತ ಕೇಳಿ ಪೆನ್ನು ಹಿಡಿದು ಕೂತಳು. ಅಷ್ಟೇ. ತೀರ್ಪು ಹೇಳಲಿಲ್ಲ. ಇಡೀ ಸಂಜೆ ಕೂಗಾಟ ನಡೆಯಿತು, ಒಬ್ಬರು ಇನ್ನೊಬ್ಬರ ತವರಿನವರೆಗೂ ಹೋಗಿಬಂದರು. ಆಗ ಮಾತ್ರ ಅವಳು ಬಾಯಿ ಹಾಕಿ, "ತವರ ಸುದ್ದಿ ಬ್ಯಾಡ, ದುಡ್ಡಿನ ಸುದ್ದಿ ಮಾತಾಡಿ" ಅಂದಳು. ನನ್ನ ಲೆಕ್ಕದಲ್ಲಿ ಈ ಹಂತದ ನಾಯಕತ್ವ ಅಂದರೆ ಇದೇ. ಜಗಳವನ್ನು ದುಡ್ಡಿನ ಮೇಲೇ, ನಿಯಮದ ಮೇಲೇ ನಿಲ್ಲಿಸಿಕೊಳ್ಳೋದು. ವ್ಯಕ್ತಿಯ ಮೇಲೆ ಹೊರಳಿದರೆ ತಡೆಯೋದು, ಹಾಗಂತ ಜಗಳವನ್ನೇ ತಡೆಯದೇ ಇರೋದು.

ಐದು ವಾರ ಹಿಡಿಯಿತು. ಕೊನೆಗೆ ಮೂರು ತೀರ್ಮಾನ ಬರೆದುಕೊಂಡರು. ಸಾಲ ಬೇಕಾದವರು ಒಂದು ವಾರ ಮುಂಚೆ ಸಭೆಯಲ್ಲೇ ಕೇಳಬೇಕು. ಪ್ರತಿನಿಧಿಯ ನೆಂಟರು ಕೇಳಿದರೆ ತೀರ್ಮಾನ ಆಗೋವರೆಗೆ ಪ್ರತಿನಿಧಿ ಎದ್ದು ಆಚೆ ಹೋಗಬೇಕು. ಪೆಟ್ಟಿಗೆಯಲ್ಲಿ ಹತ್ತು ಸಾವಿರ ಆಗೋವರೆಗೆ ಯಾರಿಗೂ 1,500ಕ್ಕಿಂತ ಜಾಸ್ತಿ ಇಲ್ಲ. ವಾರಗಿತ್ತಿ ಅರ್ಧ ದುಡ್ಡು ವಾಪಸ್ ಕಟ್ಟಿದಳು, ಅದು ಆಸ್ಪತ್ರೆಯವಳ ಕೈಗೆ ಹೋಯಿತು. ಉಳಿದದ್ದಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ, ಅಂದರೆ 30 ರೂಪಾಯಿ. ಇಷ್ಟಕ್ಕೂ ಅಪಾಯದಲ್ಲಿ ಇದ್ದದ್ದು ಮೂರು ಸಾವಿರ. ನೆನಪಿರಲಿ, ಈ ಸಂಖ್ಯೆ ಮುಂದೆ ಬೇಕಾಗುತ್ತೆ.

ಈಗ ಹೊಳೆನರಸೀಪುರದ ಕಡೆಯ ಇನ್ನೊಂದು ಸಂಘ. ಹದಿನೈದು ಜನ, ಅದೇ ವಾರಕ್ಕೆ 20. ಈ ಸಂಘಕ್ಕೆ ಮಾದರಿ ಸಂಘ ಅಂತ ಹೆಸರು. ಬೇರೆ ಊರಿನವರನ್ನು ಕರೆದುಕೊಂಡು ಬಂದು ತೋರಿಸ್ತಿದ್ದರು. ಹತ್ತನೇ ವಾರ ಒಬ್ಬಳು ಮೂರು ವಾರದ ಉಳಿತಾಯ ಬಾಕಿ ಉಳಿಸಿಕೊಂಡಳು, 60 ರೂಪಾಯಿ. ಮಾತು ಏರೋದರಲ್ಲಿತ್ತು. ಮೇಲಿನವರು ಪುಸ್ತಕ ನೋಡೋಕೆ ಬರೋದಿದ್ದರಿಂದ ಪ್ರೇರಕಿ ತನ್ನ ಪರ್ಸಿನಿಂದ 60 ರೂಪಾಯಿ ತೆಗೆದು ಕಟ್ಟಿಬಿಟ್ಟಳು. ಅವಳನ್ನು ಬೈಯೋಕೆ ನನಗೆ ಮನಸ್ಸಿಲ್ಲ, ಅವಳ ಗೌರವಧನ ನಿಂತಿದ್ದದ್ದೇ ಎಷ್ಟು ಸಂಘ ಪಾಸಾಯ್ತು ಅನ್ನೋದರ ಮೇಲೆ. ಆಂತರಿಕ ಸಾಲ ಕೊಡೋಕೂ ಹೋಗಲಿಲ್ಲ, "ದುಡ್ಡು ಬ್ಯಾಂಕಲ್ಲೇ ಇರ್ಲಿ, ಸುಮ್ನೆ ಯಾಕೆ ತಲೆನೋವು" ಅಂತ. ಪುಸ್ತಕದಲ್ಲಿ ಮಾತ್ರ ಒಂದಿಬ್ಬರ ಹೆಸರಿಗೆ ಸಾಲ ಕೊಟ್ಟು ವಸೂಲಾದಂತೆ ಇತ್ತು. ಹಾಜರಾತಿ ಪೂರ್ತಿ, ಉಳಿತಾಯ ಪೂರ್ತಿ, ವಸೂಲಿ ಪೂರ್ತಿ. ಆರನೇ ತಿಂಗಳಿಗೆ ಒಳ್ಳೆಯ ಗ್ರೇಡು, 1,50,000 ರೂಪಾಯಿ ಬ್ಯಾಂಕ್ ಸಾಲ.

ಆ ದುಡ್ಡನ್ನು ಏನು ಮಾಡಿದರು ಗೊತ್ತಾ? ಹದಿನೈದು ಜನಕ್ಕೆ ತಲಾ ಹತ್ತು ಸಾವಿರದಂತೆ ಹಂಚಿಕೊಂಡರು.

ಹೀಗೆ ಸಮನಾಗಿ ಹಂಚಿಕೊಳ್ಳೋದನ್ನು ನಮ್ಮ ಯೋಜನೆಗಳ ದೊಡ್ಡವರು ಒಗ್ಗಟ್ಟು ಅಂತ ಹೊಗಳೋದನ್ನು ಕಿವಿಯಾರೆ ಕೇಳಿದ್ದೀನಿ. ನನಗಂತೂ ಅದು ಎರಡನೇ ಹಂತಕ್ಕೆ ಕಾಲೇ ಇಡದ ಸಂಘದ ಲಕ್ಷಣವಾಗಿ ಕಾಣುತ್ತೆ. ಹದಿನೈದು ಜನರ ಅಗತ್ಯ ಒಂದೇ ದಿನ ಒಂದೇ ಸಮ ಹತ್ತು ಸಾವಿರ ಆಗಿರೋಕೆ ಸಾಧ್ಯವೇ ಇಲ್ಲ. ಯಾರಿಗೆ ಮೊದಲು, ಯಾರಿಗೆ ಜಾಸ್ತಿ, ಯಾರಿಗೆ ಈ ಸಲ ಬೇಡ ಅಂತ ಮುಖಕ್ಕೆ ಮುಖ ಕೊಟ್ಟು ಹೇಳೋಕೆ ಧೈರ್ಯ ಬಂದಿಲ್ಲ, ಅದಕ್ಕೆ ಭಾಗಾಕಾರ ಮಾಡಿದ್ದಾರೆ. ಹಸು ಕೊಳ್ಳಬೇಕಾದವಳಿಗೆ ಹತ್ತು ಸಾವಿರ ಸಾಲದು. ದುಡ್ಡೇ ಬೇಡದವಳಿಗೂ ಹತ್ತು ಸಾವಿರ ಬಂತು. ಹಾಗಾಗಿ ಬೇಡದ ಮೂವರು ತಮ್ಮ ಪಾಲನ್ನು ಒಬ್ಬಳಿಗೇ ಒಳಗೊಳಗೆ ದಾಟಿಸಿದರು. ಸಂಘದ ಪುಸ್ತಕದಲ್ಲಿ ಅವಳ ಸಾಲ 10,000, ಅವಳ ತಲೆ ಮೇಲೆ ಇದ್ದದ್ದು 40,000.

ಇಪ್ಪತ್ನಾಲ್ಕು ಕಂತಿನ ಸಾಲ, ತಲಾ ತಿಂಗಳಿಗೆ ಸುಮಾರು 417 ರೂಪಾಯಿ ಅಸಲು. ಎಂಟನೇ ಕಂತಿನ ಹೊತ್ತಿಗೆ ಆ ಹೆಂಗಸಿನ ಮನೆಯವರು ಬೆಂಗಳೂರಿಗೆ ಕೆಲಸಕ್ಕೆ ಹೋದರು, ಅವಳೂ ಹಿಂದೆಯೇ ಹೋದಳು. ಒಂದೇ ಏಟಿಗೆ ನಾಲ್ಕು ಕಂತು ನಿಂತವು, ತಿಂಗಳಿಗೆ 1,668 ರೂಪಾಯಿ. ಹೆಸರು ಕೊಟ್ಟ ಮೂವರು "ನಾವ್ ತಿಂದಿಲ್ಲ" ಅಂದರು. ಉಳಿದ ಹನ್ನೊಂದು ಜನ "ನಮ್ಗೇನ್ ಗೊತ್ತು" ಅಂದರು. ಇಬ್ಬರೂ ಸುಳ್ಳು ಹೇಳ್ತಿರಲಿಲ್ಲ. ಹದಿನಾಲ್ಕು ತಿಂಗಳು ವಾರ ವಾರ ಇಪ್ಪತ್ತು ಇಪ್ಪತ್ತು ಕೂಡಿಟ್ಟ 18,000 ರೂಪಾಯಿ ಉಳಿತಾಯವನ್ನು ಸಾಲ ತೀರೋವರೆಗೆ ತೆಗೆಯೋ ಹಾಗಿಲ್ಲ ಅಂತ ಆಯಿತು. ಜಗಳ ಕೊನೆಗೂ ಆಯಿತು. ಆದರೆ ಮೂರು ಸಾವಿರದ ಮೇಲೆ ಅಲ್ಲ, ಒಂದೂವರೆ ಲಕ್ಷದ ಮೇಲೆ, ನಿಯಮ ಅಂತ ಹಿಡಿದುಕೊಳ್ಳೋಕೆ ಒಂದು ಸಾಲು ಕೂಡ ಬರೆದಿಲ್ಲದ ಸಂಘದಲ್ಲಿ. ಇಬ್ಬರು ಅಕ್ಕತಂಗಿಯರು ಇವತ್ತಿಗೂ ಮಾತಾಡಲ್ಲ.

ಅರಕಲಗೂಡಿನ ಸಂಘಕ್ಕೆ ಏಳನೇ ತಿಂಗಳು ಒಂದು ಲಕ್ಷ ಬಂತು. ಅವರು ನಾಲ್ಕೇ ಜನಕ್ಕೆ ಕೊಟ್ಟರು: ಹಸುವಿಗೆ 40,000, ಇನ್ನು ಮೂವರಿಗೆ 25,000, 20,000, 15,000. ಹತ್ತು ಜನಕ್ಕೆ ಬರಿಗೈ. ಠರಾವಿನಲ್ಲಿ ಯಾರಿಗೆ ಯಾಕೆ ಕೊಡಲಿಲ್ಲ, ಮುಂದಿನ ಸರದಿ ಯಾರದು ಅನ್ನೋದೂ ಬರೆದಿತ್ತು. ಮೊದಲ ಸಂಘದಲ್ಲಿ ಬ್ಯಾಂಕಿನ ದುಡ್ಡು ಬರೋ ಮೊದಲೇ ಹೆಂಗಸರು "ಇಲ್ಲ" ಅನ್ನೋದನ್ನು ಕಲಿತಿದ್ದರು. ವ್ಯತ್ಯಾಸ ಅಷ್ಟೇ.

ಹಾಗಾಗಿ ಯೋಜನೆಯ ಮುಂದಾಳು ಅನ್ನಿಸಿಕೊಂಡವರು ಈ ಹಂತದಲ್ಲಿ ಮಾಡಬೇಕಾದ್ದು ಜಗಳ ಬೇಗ ಮುಗಿಸೋದಲ್ಲ, ಬೇಗ ಬರೋ ಹಾಗೆ ಮಾಡೋದು. ಅದಕ್ಕೆ ಇರೋ ದಾರಿ ಆಂತರಿಕ ಸಾಲ. ಪೆಟ್ಟಿಗೆಯಲ್ಲಿ ಎರಡು ಮೂರು ಸಾವಿರ ಆದ ಕೂಡಲೇ, ಸ್ವಂತ ದುಡ್ಡನ್ನು ಸಾಲ ಕೊಡೋಕೆ ಹಚ್ಚಬೇಕು. ಕೇಳೋರು ಹೆಚ್ಚಾಗಿ ದುಡ್ಡು ಕಡಿಮೆ ಇದ್ದಾಗಲೇ ಸಂಘದ ಒಳಗಿನ ಯಜಮಾನಿಕೆ, ನೆಂಟಸ್ತನ, ಕೇರಿ, ಜಾತಿ ಎಲ್ಲ ಮೇಲಕ್ಕೆ ಬರೋದು. ಹೊರಗಿನ ದುಡ್ಡು ಆಮೇಲೆ. ಆಂತರಿಕ ಸಾಲವನ್ನೇ ಕೊಡದ ಸಂಘಕ್ಕೆ ಆರು ತಿಂಗಳಾಯ್ತು ಅನ್ನೋ ಒಂದೇ ಕಾರಣಕ್ಕೆ ಲಕ್ಷಗಟ್ಟಲೆ ಕೊಡಿಸೋದು ಆ ಹೆಂಗಸರಿಗೆ ಮಾಡೋ ದ್ರೋಹ. ಕಟು ಮಾತು, ಬೇಕಂತಲೇ ಬರೆದಿದ್ದೀನಿ.

ಇದು ನನ್ನ ಹೊಸ ಶೋಧವೇನಲ್ಲ. ಸ್ವಸಹಾಯ ಸಂಘ ಅನ್ನೋದೇ ನಮ್ಮ ರಾಜ್ಯದಲ್ಲಿ ಹುಟ್ಟಿದ್ದು ಒಂದು ಜಗಳದಿಂದ. 1980ರ ದಶಕದ ಮಧ್ಯದಲ್ಲಿ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ದೊಡ್ಡ ದೊಡ್ಡ ಸಹಕಾರ ಸಂಘ ಕಟ್ಟಿಸಿತ್ತು. ಮುಖಂಡರ ಮೇಲೆ ನಂಬಿಕೆ ಹೋಗಿ ಅವು ಒಡೆದವು. ಸಾಲ ಪಡೆದಿದ್ದ ಕೆಲವರು ಬಂದು, ಆ ಸಂಘಕ್ಕೆ ಕಟ್ಟಲ್ಲ, ಬೇಕಾದರೆ ನೇರ ನಿಮಗೇ ಕಟ್ತೀವಿ ಅಂದರು. ಸಂಸ್ಥೆಯವರು ಅವರನ್ನು ಮತ್ತೆ ಒಂದುಗೂಡಿಸೋ ಶಾಂತಿಸಭೆ ಮಾಡಲಿಲ್ಲ. ಒಡೆದು ಬಂದವರು ಪರಸ್ಪರ ನಂಬಿಕೆಯವರನ್ನು ಹುಡುಕಿಕೊಂಡು ಸಣ್ಣ ಗುಂಪಾಗಿ ಕೂರುತ್ತಿದ್ದದ್ದನ್ನು ಗಮನಿಸಿ, ಅದನ್ನೇ ಬೆಳೆಸಿದರು. ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸೋ ಪ್ರಯೋಗಕ್ಕೆ ಕೈ ಹಾಕಿದ್ದರ ಹಿಂದೆ ಈ ಅನುಭವ ಇತ್ತು. 2000-01ರಲ್ಲಿ ಸ್ತ್ರೀಶಕ್ತಿ ಬಂತು, ಆಮೇಲೆ ಸಂಜೀವಿನಿ ಬಂತು. ಸಂಖ್ಯೆ ಬೆಳೆಯಿತು, ಆ ಮೊದಲ ಜಗಳ ಮಾತ್ರ ಸ್ಲೈಡಿನಿಂದ ಮಾಯವಾಯಿತು.

ಮೂರನೇ ಹಂತ, ಕಟ್ಟಳೆ. ಇಲ್ಲಿ ನಡೆಯೋ ಅನ್ಯಾಯ ಬೇರೆ ತರಹದ್ದು. ಅಚ್ಚು ಹಾಕಿದ ಒಂದೇ ಬೈಲಾವನ್ನು ಜಿಲ್ಲೆಗೆಲ್ಲ ಹಂಚ್ತಾರೆ, ವಾರ ವಾರ ಸಮನಾದ ಕಂತು ಅಂತ. ಚನ್ನರಾಯಪಟ್ಟಣದ ಕಡೆ ಇದು ಚೆನ್ನಾಗಿಯೇ ನಡೆಯುತ್ತೆ, ಯಾಕಂದ್ರೆ ಅಲ್ಲಿ ಹಸು ಇರೋ ಮನೆಗೆ ಡೇರಿಯ ಬಟವಾಡೆ ತಪ್ಪದೆ ಬರುತ್ತೆ, ತೆಂಗಿನಕಾಯಿಯೂ ಆಗಾಗ ಒಂದಿಷ್ಟು ದುಡ್ಡು ತರುತ್ತೆ. ಅರಕಲಗೂಡಿನ ಹೊಗೆಸೊಪ್ಪಿನ ಮನೆಗಳಲ್ಲಿ ಹಾಗಲ್ಲ. ಮುಂಗಾರಿನಲ್ಲಿ ನಾಟಿ, ಗೊಬ್ಬರ, ಸೌದೆ ಅಂತ ದುಡ್ಡು ಹೋಗ್ತಾನೇ ಇರುತ್ತೆ. ಬರೋದು ಸೊಪ್ಪು ಬೆಂದು, ರಾಮನಾಥಪುರದ ಹರಾಜು ಕಟ್ಟೆಗೆ ಹೋದ ಮೇಲೆ. ಆಗಸ್ಟ್ ತಿಂಗಳಲ್ಲಿ ಅವಳ ಹತ್ತಿರ ದೊಡ್ಡ ಕಂತು ಕೇಳಿದರೆ ಅವಳು ಬಡ್ಡಿಗೆ ತಂದು ಕಟ್ತಾಳೆ. ಪುಸ್ತಕದಲ್ಲಿ ವಸೂಲಿ ನೂರಕ್ಕೆ ನೂರು, ಮನೆಯಲ್ಲಿ ಇನ್ನೊಂದು ಸಾಲ. ನಾನು ಹೇಳಿದ ಆ ಸಂಘ ಜಗಳ ಆಡಿ ಆಡಿ ತನ್ನದೇ ಕಟ್ಟಳೆ ಮಾಡಿಕೊಂಡಿತು: ಹರಾಜು ಶುರುವಾಗೋವರೆಗೆ ಬಡ್ಡಿ ಮಾತ್ರ, ಆಮೇಲೆ ಅಸಲು ದೊಡ್ಡ ಕಂತಿನಲ್ಲಿ. ಬ್ಯಾಂಕಿನ ಕಂತಿಗೆ ಅಡ್ಡಿಯಾಗಬಾರದು ಅಂತ ನಡುವಿನ ತಿಂಗಳುಗಳಿಗೆ ಸಂಘದ ಉಳಿತಾಯದಿಂದಲೇ ತುಂಬಿಸಿಕೊಂಡರು. ಈ ಹಂತದಲ್ಲಿ ನಾಯಕನ ಕೆಲಸ ಅಚ್ಚಾದ ಬೈಲಾ ಮುಚ್ಚಿಟ್ಟು, "ನಿಮ್ಮ ಮನೆಗೆ ದುಡ್ಡು ಯಾವ ತಿಂಗಳು ಬರುತ್ತೆ?" ಅಂತ ಕೇಳೋದು. ಸಂಘ ಈ ಹಂತಕ್ಕೆ ಬಂತು ಅಂತ ಗೊತ್ತಾಗೋದು ಹೇಗೆ? ತಪ್ಪಿದವಳಿಗೆ ನಿಯಮ ನೆನಪಿಸೋದು ಪ್ರೇರಕಿಯಲ್ಲ, ಪಕ್ಕದಲ್ಲಿ ಕೂತವಳು.

ನಾಲ್ಕನೆಯದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಚೆನ್ನಾಗಿ ನಡೆಯೋ ಸಂಘದಿಂದ ನಾಯಕ ಜಾಗ ಖಾಲಿ ಮಾಡಬೇಕು, ತಿಂಗಳಿಗೊಮ್ಮೆ ಪುಸ್ತಕ ನೋಡಿದರೆ ಸಾಕು. ಆದರೆ ನಾವು ಮಾಡೋದು ಉಲ್ಟಾ. ಒಳ್ಳೆಯ ಸಂಘ ಸಿಕ್ಕಿತು ಅಂದರೆ ಸರ್ವೆಗೆ ಅವರೇ, ಜಾಥಾಕ್ಕೆ ಅವರೇ, ಮಂತ್ರಿಗಳ ಕಾರ್ಯಕ್ರಮಕ್ಕೆ ಒಂದೇ ಬಣ್ಣದ ಸೀರೆ ಉಟ್ಟು ಕುರ್ಚಿ ತುಂಬೋಕೂ ಅವರೇ. ಇನ್ನೊಂದು ಮಾತು, ಮೆಟ್ಟಿಲು ಹತ್ತಿದವರು ಇಳಿಯೋದೂ ಉಂಟು. ಪ್ರತಿನಿಧಿ ಬದಲಾದಾಗ, ಇಬ್ಬರು ಬಿಟ್ಟು ಹೊಸಬರು ಸೇರಿದಾಗ, ಸಾಲ ಒಂದರಿಂದ ಮೂರು ಲಕ್ಷಕ್ಕೆ ಏರಿದಾಗ ಎರಡನೇ ಹಂತ ಮತ್ತೆ ಬರುತ್ತೆ, ಬರಬೇಕು. ಆಗ "ಚೆನ್ನಾಗಿದ್ದ ಸಂಘ ಕೆಟ್ಟುಹೋಯ್ತು" ಅಂತ ವರದಿ ಬರೆಯೋರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

1977ರಲ್ಲಿ ಟಕ್‌ಮನ್ ಮತ್ತು ಮೇರಿ ಆನ್ ಜೆನ್ಸನ್ ಸೇರಿ ಐದನೇ ಹಂತ ಒಂದನ್ನು ಸೇರಿಸಿದರು, ಗುಂಪು ಕೆಲಸ ಮುಗಿಸಿ ಚದುರೋದು. ನಮ್ಮ ಸ್ಲೈಡುಗಳಲ್ಲಿ ಅದು ಇರೋದು ಬಲು ಅಪರೂಪ. ಸಂಘ ಮುಚ್ಚೋದು ನಮಗೆ ಅಪಮಾನ, ಹಾಗಾಗಿ ಸತ್ತ ಸಂಘಗಳು ಪಟ್ಟಿಯಲ್ಲಿ ವರ್ಷಗಟ್ಟಲೆ ಉಸಿರಾಡ್ತಿರ್ತವೆ, ಅವುಗಳ ಉಳಿತಾಯ ಖಾತೆಯಲ್ಲಿ ಯಾರದೋ ದುಡಿಮೆ ಸಿಕ್ಕಿಹಾಕಿಕೊಂಡಿರುತ್ತೆ. ಸಾಲ ತೀರಿಸಿ, ಬಡ್ಡಿಯಿಂದ ಬಂದ ಲಾಭವನ್ನು ಉಳಿತಾಯಕ್ಕೆ ತಕ್ಕ ಹಾಗೆ ಹಂಚಿ, ಎಲ್ಲರ ಸಹಿ ಹಾಕಿಸಿ ಖಾತೆ ಮುಚ್ಚೋದನ್ನು ಹೇಳಿಕೊಡೋದೂ ನಾಯಕನ ಕೆಲಸವೇ.

ಗ್ರೇಡಿಂಗ್ ನಮೂನೆಯಲ್ಲಿ ಸಭೆ ಎಷ್ಟು, ಹಾಜರಾತಿ ಎಷ್ಟು, ಉಳಿತಾಯ ಎಷ್ಟು, ವಸೂಲಿ ಎಷ್ಟು ಅಂತೆಲ್ಲ ಕೇಳ್ತಾರೆ. ಎಲ್ಲವನ್ನೂ ಒಂದು ರಾತ್ರಿ ಕೂತು ಬರೆದು ತುಂಬಿಸಬಹುದು, ತುಂಬಿಸೋದನ್ನು ನೋಡಿದ್ದೀನಿ. ಅದಕ್ಕೆ ಒಂದೇ ಒಂದು ಪ್ರಶ್ನೆ ಸೇರಿಸಿ ಅಂತ ಸಿಕ್ಕಿದ ಸಭೆಯಲ್ಲೆಲ್ಲ ಕೇಳಿಕೊಂಡು ಬಂದಿದ್ದೀನಿ: "ಕಳೆದ ಆರು ತಿಂಗಳಲ್ಲಿ ಯಾರಿಗೆ ಸಾಲ ಇಲ್ಲ ಅಂದಿರಿ, ಯಾಕೆ?" ಈ ಪ್ರಶ್ನೆಯನ್ನು ಸದಸ್ಯರೆಲ್ಲ ಕೂತಿರುವಾಗ ಬಾಯಲ್ಲೇ ಕೇಳಬೇಕು, ಪುಸ್ತಕ ಮುಚ್ಚಿ. ಹೊಳೆನರಸೀಪುರದ ಆ ಮಾದರಿ ಸಂಘವನ್ನು ಹೀಗೆ ಕೇಳಿದ್ದರೆ ಹದಿನೈದು ಜನವೂ ಪ್ರೇರಕಿಯ ಮುಖ ನೋಡ್ತಿದ್ದರು. ಅರಕಲಗೂಡಿನಲ್ಲಿ ನಾನೇ ಕೇಳಿದ್ದೆ. ಮೂರು ಜನ ಒಟ್ಟಿಗೇ ಮಾತಾಡೋಕೆ ಶುರುಮಾಡಿದರು, ಒಬ್ಬಳು ಇನ್ನೊಬ್ಬಳನ್ನು ತೋರಿಸಿ, "ಇವ್ಳಿಗೇ ಅಂದಿದ್ದು ಸಾ, ಹಳೇ ಸಾಲ ತೀರ್ಸಿರ್ಲಿಲ್ಲ ಅದ್ಕೆ" ಅಂದಳು. ತೋರಿಸಿಕೊಂಡವಳು ಸೆರಗು ಸರಿಮಾಡಿಕೊಳ್ಳುತ್ತಾ, "ಹೂಂ, ಅಂದ್ರು. ಇವಾಗ ತೀರ್ಸಿದ್ದೀನಿ, ಈ ಸಲ ಸರದಿ ನಂದೇ, ಬರ್ಕಳಿ" ಅಂದಳು.